‘ಎರಡಾದರೂ’ ಎಂಬ ಪದಕ್ಕೊಂದು ಸರ್ಕ್ಯೂಟ್

ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್‌ಗೆ ಈ ನಿಯಮವಿದೆ ಎಂದಿಟ್ಟುಕೊಳ್ಳಿ: ‘ನೀರು ತುಂಬಿರುವ ಡ್ರಮ್‌ನಲ್ಲಿ ಮಟ್ಟ ಕಡಿಮೆಯಾಗಿದೆ ಎಂದು ಮೂರರಲ್ಲಿ ಎರಡು ಸೆನ್ಸರ್‌ಗಳು ಹೇಳಿದರೆ ಸೈರನ್ ಕೂಗಬೇಕು, ಕಬ್ಬಿನ ಸಿಪ್ಪೆ ಒಲೆಗೆ ಬೀಳುವುದು ನಿಲ್ಲಬೇಕು.’ ಓದಿದ ಯಾರಿಗೂ ಇದರಲ್ಲಿ ಗೊಂದಲ ಕಾಣುವುದಿಲ್ಲ. ನೀರಿಲ್ಲದೆ ಕಾದ ಕೊಳವೆ ಮೆತ್ತಗಾಗಿ ಸಿಡಿಯುತ್ತದೆ, ಆದ್ದರಿಂದ ನಿಯಮ ಬೇಕು, ಅಷ್ಟೆ. ಆದರೆ ಈ ವಾಕ್ಯವನ್ನು ಗೇಟ್‌ಗಳ, ಅಂದರೆ 0 ಮತ್ತು 1 ಎಂಬ ಎರಡೇ ಮಾತು ಬಲ್ಲ ಪುಟ್ಟ ಸರ್ಕ್ಯೂಟ್‌ಗಳ ಕೈಗೆ ಕೊಡಲು ಕುಳಿತಾಗ ಅದರೊಳಗೊಂದು ಅಪಾಯಕಾರಿ ತೂತು ಇರುವುದು ಗೊತ್ತಾಗುತ್ತದೆ. ತೂತನ್ನು ಹುಡುಕಿಕೊಡುವುದು ಎಂಟು ಸಾಲಿನ ಒಂದು ಕೋಷ್ಟಕ.

ಅದಕ್ಕೆ ಮೊದಲು, ಮೂರು ಸೆನ್ಸರ್ ಏಕೆ? ಲೆಕ್ಕಕ್ಕೆಂದು, ಪ್ರತಿ ಸೆನ್ಸರ್ ನೂರರಲ್ಲಿ ಒಂದು ಸಲ ತಪ್ಪು ಹೇಳುತ್ತದೆ ಎನ್ನೋಣ. ಒಂದನ್ನೇ ನಂಬಿದರೆ ನೂರಕ್ಕೊಮ್ಮೆ ಕಾರ್ಖಾನೆ ಸುಮ್ಮನೆ ನಿಲ್ಲುತ್ತದೆ, ಅಥವಾ ನೀರು ನಿಜವಾಗಿ ಇಳಿದಾಗ ನೂರಕ್ಕೊಮ್ಮೆ ಸೈರನ್ ಕೂಗುವುದಿಲ್ಲ. ಮೂರರಲ್ಲಿ ಯಾವುದೊಂದು ಹೇಳಿದರೂ ನಿಲ್ಲಿಸುತ್ತೇವೆ ಎಂದರೆ ಹುಸಿ ಎಚ್ಚರಿಕೆ ನೂರಕ್ಕೆ ಸುಮಾರು ಮೂರಕ್ಕೆ ಏರುತ್ತದೆ. ಮೂರೂ ಹೇಳಬೇಕು ಎಂದರೆ ಹುಸಿ ಎಚ್ಚರಿಕೆ ಹತ್ತು ಲಕ್ಷಕ್ಕೆ ಒಂದಾಗುತ್ತದೆ, ಆದರೆ ನಿಜವಾದ ಅಪಾಯ ಕೈತಪ್ಪುವ ಸಂಭವ ನೂರಕ್ಕೆ ಮೂರಾಗುತ್ತದೆ. ಮೂರರಲ್ಲಿ ಎರಡರ ಮಾತು ಕೇಳಿದರೆ ಮಾತ್ರ ಎರಡೂ ಬಗೆಯ ತಪ್ಪು ಒಟ್ಟಿಗೆ ಇಳಿಯುತ್ತವೆ, ಹತ್ತು ಸಾವಿರಕ್ಕೆ ಸುಮಾರು ಮೂರರಷ್ಟಕ್ಕೆ. ನಮ್ಮ ಕೈಗಾದ ಅಣುಸ್ಥಾವರದಂಥ ಭಾರಜಲ ರಿಯಾಕ್ಟರುಗಳನ್ನು ತುರ್ತಾಗಿ ನಿಲ್ಲಿಸುವ ವ್ಯವಸ್ಥೆಯೂ ಮೂರರಲ್ಲಿ ಎರಡು ಎಂಬ ಇದೇ ನಿಯಮದ ಮೇಲೆ ನಿಂತಿದೆ.

ಈಗ ಕೋಷ್ಟಕ. ಸೆನ್ಸರ್‌ಗಳಿಗೆ A, B, C ಎಂದು ಹೆಸರಿಡೋಣ. ‘ನೀರು ಕಡಿಮೆ’ ಎಂದರೆ 1, ‘ಸರಿಯಿದೆ’ ಎಂದರೆ 0. ಸೈರನ್ ಕೂಗಬೇಕಾದರೆ Y ಗೆ 1. ಮೂರು ಸೆನ್ಸರ್‌ಗಳು ಒಟ್ಟು ಎಂಟು ರೀತಿಯಲ್ಲಿ ಮಾತಾಡಬಲ್ಲವು, ಒಂಬತ್ತನೆಯದಿಲ್ಲ. ಸತ್ಯ ಕೋಷ್ಟಕದ ಬಲವೇ ಇದು: ಯಾವ ಸಂದರ್ಭವೂ ಹೊರಗುಳಿಯಲು ಜಾಗವಿಲ್ಲ.

```
A B C | Y
0 0 0 | 0
0 0 1 | 0
0 1 0 | 0
0 1 1 | 1
1 0 0 | 0
1 0 1 | 1
1 1 0 | 1
1 1 1 | ?
```

ಏಳು ಸಾಲು ತಾವಾಗಿಯೇ ತುಂಬಿಕೊಂಡವು. ಎಂಟನೆಯದರಲ್ಲಿ ನಿಲ್ಲಬೇಕಾಯಿತು. ನಿಯಮ ಹೇಳಿದ್ದು ‘ಎರಡು ಸೆನ್ಸರ್‌ಗಳು’ ಎಂದು. ಮೂರೂ ಹೇಳಿದರೆ? ಬರೆದದ್ದನ್ನು ಅಕ್ಷರಶಃ ಹಿಡಿದವನು ಇಲ್ಲಿ 0 ಬರೆಯುತ್ತಾನೆ. ಆಗ ಏನಾಗುತ್ತದೆಂದು ಕಣ್ಣಮುಂದೆ ತಂದುಕೊಳ್ಳಿ. ನೀರು ಇಳಿಯುತ್ತಿದೆ. ಮೊದಲು ಒಂದು ಸೆನ್ಸರ್ ಗಮನಿಸುತ್ತದೆ, ನಂತರ ಇನ್ನೊಂದು; ಸೈರನ್ ಕೂಗುತ್ತದೆ. ಕೆಲವು ಕ್ಷಣಗಳಲ್ಲಿ ಮೂರನೆಯದೂ ‘ಹೌದು’ ಎನ್ನುತ್ತದೆ, ಸೈರನ್ ಬಂದ್ ಆಗುತ್ತದೆ. ಡ್ರಮ್ ಬರಿದಾಗಿರುವುದು ಖಚಿತವಾದ ಗಳಿಗೆಯಲ್ಲೇ ಸರ್ಕ್ಯೂಟ್ ಬಾಯಿ ಮುಚ್ಚುತ್ತದೆ.

ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ‘ಎರಡಾದರೂ’. ‘ಆದರೂ’ ಎಂಬ ಪುಟ್ಟ ಬಾಲ ಕೊನೆಯ ಸಾಲನ್ನು 1 ಮಾಡುತ್ತದೆ. ಮಾತಿನಲ್ಲಿ ಆ ಬಾಲವನ್ನು ನಾವು ಬಿಟ್ಟರೂ ಕೇಳುವವರು ತಾವೇ ಸೇರಿಸಿಕೊಳ್ಳುತ್ತಾರೆ, ಗೇಟ್ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಸಂದೇಹ ಬಂದ ಸಾಲನ್ನು ಊಹೆಯಿಂದ ತುಂಬದೆ, ನಿಯಮ ಕೊಟ್ಟವರ ಬಳಿಗೆ ಒಯ್ದು ‘ಈ ಸಾಲಿನಲ್ಲಿ ಏನಾಗಬೇಕು?’ ಎಂದು ಕೇಳುವುದೇ ಸರಿಯಾದ ಕ್ರಮ ಎಂದು ನಾನು ಬಲವಾಗಿ ನಂಬುತ್ತೇನೆ.

ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ 1 ಬರೆದಾಯಿತು. ಈಗ Y = 1 ಇರುವ ನಾಲ್ಕು ಸಾಲುಗಳನ್ನು ಒಂದೊಂದಾಗಿ ಬರೆದು ‘ಅಥವಾ’ ಎಂಬರ್ಥದ + ಚಿಹ್ನೆಯಿಂದ ಜೋಡಿಸುತ್ತೇವೆ. ಪಕ್ಕಪಕ್ಕ ಬರೆದ ಅಕ್ಷರಗಳ ನಡುವೆ ‘ಮತ್ತು’ ಇದೆ ಎಂದರ್ಥ. 0 ಇರುವ ಅಕ್ಷರಕ್ಕೆ ‘ಇಲ್ಲ’ ಎಂಬರ್ಥದ ಗೀಟು ಹಾಕುತ್ತೇವೆ.

```
Y = A'BC + AB'C + ABC' + ABC
```

ಇದನ್ನು ಹೀಗೆಯೇ ಕಟ್ಟಿದರೂ ಕೆಲಸ ಮಾಡುತ್ತದೆ, ಆದರೆ ಗೇಟ್‌ಗಳು ಅನಗತ್ಯವಾಗಿ ಹೆಚ್ಚು. ಇಲ್ಲೊಂದು ಸೊಗಸಾದ ಉಪಾಯವಿದೆ. ಒಂದೇ ಮಾತನ್ನು ಮೂರು ಸಲ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಹಾಗಾಗಿ ABC ಯನ್ನು ಮೂರು ಸಲ ಬರೆದು, ಉಳಿದ ಮೂರರ ಜೊತೆ ಒಂದೊಂದನ್ನು ಸೇರಿಸಬಹುದು. A'BC ಯ ಪಕ್ಕ ABC ಬಂದಾಗ, A ಇದ್ದರೂ ಇಲ್ಲದಿದ್ದರೂ B ಮತ್ತು C ಇದ್ದರೆ ಸಾಕು ಎಂದಾಗುತ್ತದೆ, ಉಳಿಯುವುದು BC ಮಾತ್ರ. ಹೀಗೆ ಮೂರು ಜೋಡಿಯೂ ಕರಗಿ

```
Y = AB + BC + CA
```

ಎಂದಾಗುತ್ತದೆ. ಇದನ್ನು ಮತ್ತೆ ಕನ್ನಡಕ್ಕೆ ತಂದು ಓದಿ ನೋಡಿ: ‘ಮೂರು ಜೋಡಿಗಳಲ್ಲಿ ಯಾವ ಜೋಡಿ ಒಪ್ಪಿದರೂ ಸಾಕು.’ ನಮಗೆ ಬೇಕಾಗಿದ್ದ ನಿಯಮ ಇದೇ. ಕೊನೆಯ ಸಾಲು 0 ಆಗಿದ್ದರೆ ಈ ಸರಳೀಕರಣವೇ ಆಗುತ್ತಿರಲಿಲ್ಲ. ಮೂರು ಉದ್ದನೆಯ ಪದಗಳು, ಅವುಗಳಲ್ಲಿನ ‘ಇಲ್ಲ’ಗಳಿಗೆ ಮೂರು ನಾಟ್ ಗೇಟ್‌ಗಳು ಹಾಗೆಯೇ ಉಳಿಯುತ್ತಿದ್ದವು.

ಕಟ್ಟುವುದು ಈಗ ಸುಲಭ. ಮೂರು ಜೋಡಿಗಳಿಗೆ ‘ಮತ್ತು’ ಎನ್ನುವ ಮೂರು ಆ್ಯಂಡ್ ಗೇಟ್, ಅವುಗಳ ಫಲವನ್ನು ಕೂಡಿಸಲು ‘ಅಥವಾ’ ಎನ್ನುವ ಎರಡು ಆರ್ ಗೇಟ್. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಸಿಗುವ, ಆ್ಯಂಡ್ ಗೇಟ್‌ಗಳಿರುವ 7408 ಚಿಪ್ ಒಂದು, ಆರ್ ಗೇಟ್‌ಗಳಿರುವ 7432 ಒಂದು ಇದ್ದರೆ ಬ್ರೆಡ್‌ಬೋರ್ಡ್ ಮೇಲೆ ಅರ್ಧ ಗಂಟೆಯ ಕೆಲಸ.

ಪರೀಕ್ಷಿಸುವಾಗ ಹೆಚ್ಚಿನವರು ಒಂದೆರಡು ಸ್ವಿಚ್ ಒತ್ತಿ, ದೀಪ ಹತ್ತಿತೆಂದು ತೃಪ್ತರಾಗುತ್ತಾರೆ. CA ಜೋಡಿಯ ಗೇಟ್ ಕೆಟ್ಟು ಯಾವಾಗಲೂ 0 ಕೊಡುತ್ತಿದೆ ಎನ್ನಿ. 110 ರಲ್ಲಿ AB ಗೇಟ್ ಕೆಲಸ ಮಾಡುತ್ತದೆ, 011 ರಲ್ಲಿ BC ಗೇಟ್, 111 ರಲ್ಲಿ ಎರಡೂ. ದೋಷ ಬಯಲಾಗುವುದು 101 ಎಂಬ ಒಂದೇ ಸಾಲಿನಲ್ಲಿ. ಆದ್ದರಿಂದ ಎಂಟೂ ಸಾಲನ್ನು ಕೈಯಾರೆ ಹಾಕಿ, ಪ್ರತಿಯೊಂದರ ಮುಂದೆ ಗುರುತು ಹಾಕುವವರೆಗೆ ಪರೀಕ್ಷೆ ಮುಗಿದಂತಲ್ಲ.

ಇಷ್ಟಾದರೂ ಈ ಸರ್ಕ್ಯೂಟನ್ನು ಬಾಯ್ಲರ್‌ಗೆ ಜೋಡಿಸಲು ನಾನು ಒಪ್ಪುವುದಿಲ್ಲ. ಸೆನ್ಸರ್‌ನ ತಂತಿಯನ್ನು ಇಲಿ ಕಡಿದರೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿದಿದೆ. ‘ಕಡಿಮೆ’ ಎನ್ನಲು ಕರೆಂಟ್ ಬೇಕೆಂದಿದ್ದರೆ, ಕಡಿದ ತಂತಿಯ ಸೆನ್ಸರ್ ಎಂದೆಂದಿಗೂ ‘ಎಲ್ಲ ಸರಿಯಿದೆ’ ಎನ್ನುತ್ತಲೇ ಇರುತ್ತದೆ. ಅದಕ್ಕೇ ಸುರಕ್ಷತಾ ವ್ಯವಸ್ಥೆಗಳಲ್ಲಿ ಅರ್ಥವನ್ನು ತಿರುವಿ ಹಾಕುತ್ತಾರೆ: ನೀರು ಸರಿಯಿದ್ದಾಗ ಕರೆಂಟ್ ಹರಿಯಬೇಕು, ಅಂದರೆ 1; ನೀರು ಇಳಿದರೂ ತಂತಿ ತುಂಡಾದರೂ 0. ಹೊರಬರುವ Y ಈಗ ಸೈರನ್ ಅಲ್ಲ, ‘ಇಂಧನ ಬೀಳಲಿ’ ಎಂಬ ಅನುಮತಿ. ಆ ಅನುಮತಿ ಒಂದು ರಿಲೇಯನ್ನು, ಅಂದರೆ ಕರೆಂಟ್ ಇರುವವರೆಗೆ ಮಾತ್ರ ನಿಲ್ಲುವ ಸ್ವಿಚ್ಚನ್ನು, ಹಿಡಿದಿಟ್ಟಿರುತ್ತದೆ, ಅದು ಬಿಟ್ಟೊಡನೆ ಇಂಧನ ನಿಂತು ಸೈರನ್ ಕೂಗುತ್ತದೆ. ಸರ್ಕ್ಯೂಟ್‌ನ ವಿದ್ಯುತ್ತೇ ಕಡಿದುಹೋದರೂ ಇಂಧನ ನಿಲ್ಲುತ್ತದೆ.

ಅರ್ಥ ತಿರುವಿದ ಮೇಲೆ ಗೇಟ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕೇ? ಕೋಷ್ಟಕದಲ್ಲಿರುವ ಪ್ರತಿ 0 ಯನ್ನು 1 ಆಗಿ, ಪ್ರತಿ 1 ನ್ನು 0 ಆಗಿ ಬದಲಿಸಿ, Y ಯನ್ನೂ ಸೇರಿಸಿ. ಸಾಲುಗಳು ತಲೆಕೆಳಗಾಗುತ್ತವೆ, ಕೋಷ್ಟಕ ಮಾತ್ರ ಮೊದಲಿನದೇ! ಇಬ್ಬರಾದರೂ ‘ಇಲ್ಲ’ ಎನ್ನಲಿಲ್ಲವೆಂದರೆ ಇಬ್ಬರಾದರೂ ‘ಹೌದು’ ಎಂದಿದ್ದಾರೆ ಎಂದೇ ಅರ್ಥ. ಬಹುಮತದ ಈ ಗುಣ ನನಗೆ ಇಂದಿಗೂ ಬೆರಗು. ಅದೇ AB + BC + CA, ಅದೇ ಐದು ಗೇಟ್.

ಆದರೆ ಬ್ರೆಡ್‌ಬೋರ್ಡ್ ಮೇಲೆ ಇಲ್ಲೊಂದು ಹೊಂಡವಿದೆ. 7408 ನಂಥ ಟಿಟಿಎಲ್ ಚಿಪ್‌ಗಳ ಇನ್‌ಪುಟ್ ಪಿನ್ನನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಚಿಪ್ ಅದನ್ನು ಸಾಮಾನ್ಯವಾಗಿ 1 ಎಂದು ಓದುತ್ತದೆ. ಅಂದರೆ ಕಡಿದ ತಂತಿ ಮತ್ತೆ ‘ಸರಿಯಿದೆ’ ಎಂದಾಗುತ್ತದೆ, ನಾವು ಪಟ್ಟ ಶ್ರಮ ವ್ಯರ್ಥ. ಪ್ರತಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು ತಕ್ಕ ರೆಸಿಸ್ಟರ್ ಇದ್ದರೆ ಮಾತ್ರ ತುಂಡಾದ ತಂತಿ 0 ಆಗುತ್ತದೆ. ತಂತಿಯನ್ನು ನಿಜವಾಗಿಯೂ ಕಿತ್ತು ನೋಡದೆ ಇದು ತಿಳಿಯುವುದಿಲ್ಲ.

ತಿರುವಿದ ಅರ್ಥದಿಂದ ಇನ್ನೊಂದು ಪ್ರಯೋಜನವಿದೆ. ದುರಸ್ತಿಗೆಂದು A ಸೆನ್ಸರನ್ನು ಬಿಚ್ಚಿದರೆ A = 0, ಸೂತ್ರದಲ್ಲಿ BC ಮಾತ್ರ ಉಳಿಯುತ್ತದೆ: B, C ಎರಡೂ ಸರಿಯೆಂದರೆ ಮಾತ್ರ ಬೆಂಕಿ ಉರಿಯುತ್ತದೆ. ಸರ್ಕ್ಯೂಟ್ ತಾನಾಗಿಯೇ ಹೆಚ್ಚು ಎಚ್ಚರದ ಕಡೆಗೆ ವಾಲಿತು. ಆದರೆ ಹುಸಿ ನಿಲುಗಡೆಯ ಭಯದಿಂದ ಯಾರಾದರೂ A ಯ ಜಾಗದಲ್ಲಿ ಕರೆಂಟ್ ಸದಾ ಹರಿಯುವಂತೆ ಚಿಕ್ಕ ತಂತಿಯ ಜಂಪರ್ ಹಾಕಿದರೆ A = 1, ಸೂತ್ರ B + C ಆಗುತ್ತದೆ. ಈಗ B, C ಎರಡೂ 0 ಎನ್ನುವವರೆಗೆ ಬೆಂಕಿ ಆರುವುದಿಲ್ಲ. ಮರೆತು ಬಿಟ್ಟ ಜಂಪರ್ ಹೊರಗೆ ಯಾವ ಲಕ್ಷಣವನ್ನೂ ತೋರಿಸದು. ಬಹುಮತದ ಸರ್ಕ್ಯೂಟ್ ಒಂದು ಸೆನ್ಸರಿನ ತಪ್ಪನ್ನು ಮುಚ್ಚಿಬಿಡುವುದರಿಂದ, ಮೂರರಲ್ಲಿ ಒಂದು ಬೇರೆ ಮಾತಾಡಿದರೆ ಹತ್ತುವ ಹಳದಿ ದೀಪವೊಂದು ಇರಲೇಬೇಕು. ಅದಕ್ಕೂ ಕೋಷ್ಟಕ ಬರೆಯಬಹುದು: 000, 111 ಬಿಟ್ಟು ಉಳಿದ ಆರೂ ಸಾಲಿನಲ್ಲಿ 1. ಎರಡು ಇನ್‌ಪುಟ್‌ಗಳು ಬೇರೆಬೇರೆಯಾದಾಗ ಮಾತ್ರ 1 ಕೊಡುವ ಎಕ್ಸಾರ್ ಗೇಟ್ ಎರಡು, ಆರ್ ಗೇಟ್ ಒಂದು ಸಾಕು. ಜಂಪರ್ ಹಾಕಿದ್ದರೆ ನೀರು ಸರಿಯಿರುವಾಗ ಈ ದೀಪವೂ ಸುಮ್ಮನಿರುತ್ತದೆ. ನಿಗದಿತ ದಿನ ಪ್ರತಿ ಸೆನ್ಸರನ್ನೂ ಒಂದೊಂದಾಗಿ 0 ಗೆ ಇಳಿಸಿ ದೀಪ ಹತ್ತುತ್ತದೆಯೇ ಎಂದು ನೋಡಿದಾಗ ಜಂಪರ್ ಸಿಕ್ಕಿಬೀಳುತ್ತದೆ.

ಕೋಷ್ಟಕಕ್ಕೆ ಕಾಣಿಸದ ಒಂದು ಸಂಗತಿಯಿದೆ: ಇಬ್ಬರು ಒಟ್ಟಿಗೆ, ಒಂದೇ ಕಾರಣಕ್ಕೆ ತಪ್ಪುವುದು. 2014ರ ನವೆಂಬರ್ 5ರಂದು ಸ್ಪೇನಿನ ಬಿಲ್ಬಾವೊದಿಂದ ಮ್ಯೂನಿಕ್‌ಗೆ ಹೊರಟ ಏರ್‌ಬಸ್ ಎ321 ವಿಮಾನದಲ್ಲಿ ಗಾಳಿಗೆ ಮೂತಿ ಎಷ್ಟು ಎತ್ತಿದೆ ಎಂದು ಅಳೆಯುವ ಮೂರು ಸೆನ್ಸರ್‌ಗಳಿದ್ದವು. ಮೇಲೇರುವಾಗ ಅವುಗಳಲ್ಲಿ ಎರಡು ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಹೆಪ್ಪುಗಟ್ಟಿ ನಿಂತವು. ಸರಿ ಹೇಳುತ್ತಿದ್ದ ಮೂರನೆಯದು ಅಲ್ಪಮತಕ್ಕೆ ಬಿತ್ತು, ಕಂಪ್ಯೂಟರುಗಳು ಅದರ ಮಾತನ್ನು ಬದಿಗಿಟ್ಟು ಮೂತಿಯನ್ನು ಕೆಳಗೆ ಒತ್ತಿದವು. ವಿಮಾನ ಸುಮಾರು 4,000 ಅಡಿ ಕುಸಿಯಿತು. ಚಾಲಕರು ಕೋಲನ್ನು ಹಿಂದಕ್ಕೆ ಹಿಡಿದೇ ಹಾರಿಸಿ, ನೆಲದ ತಂತ್ರಜ್ಞರ ಜೊತೆ ಸಂಪರ್ಕಿಸಿ, ಗಾಳಿಯ ಮಾಹಿತಿ ಕೊಡುವ ಘಟಕವೊಂದನ್ನು ಆಫ್ ಮಾಡಿದ ಮೇಲೆ ವಿಮಾನ ಹಿಡಿತಕ್ಕೆ ಬಂತು. ಎಲ್ಲರೂ ಕ್ಷೇಮವಾಗಿ ಇಳಿದರು.

ಬಾಯ್ಲರ್‌ನಲ್ಲಿ ಇದೇ ಅಪಾಯ ಕೊಳವೆಯ ರೂಪದಲ್ಲಿ ಬರುತ್ತದೆ. ಖರ್ಚು ಉಳಿಸಲು ಮೂರು ಸೆನ್ಸರ್‌ಗಳನ್ನೂ ಡ್ರಮ್‌ನಿಂದ ಬರುವ ಒಂದೇ ಕೊಳವೆಗೆ ಜೋಡಿಸಿದ್ದರೆ, ಆ ಕೊಳವೆಯಲ್ಲಿ ಕೆಸರು ಕಟ್ಟಿದ ದಿನ ಮೂರೂ ಹಳೆಯ ಮಟ್ಟವನ್ನೇ ಒಕ್ಕೊರಲಿನಿಂದ ಹೇಳುತ್ತವೆ: 111, ಎಲ್ಲ ಸರಿಯಿದೆ. ಹಳದಿ ದೀಪವೂ ಹತ್ತುವುದಿಲ್ಲ. ಹಾಗಾಗಿ ಗೇಟ್‌ಗಳ ನಕ್ಷೆಯನ್ನು ಮುಗಿಸಿದವರು ಮುಂದೆ ತೆರೆಯಬೇಕಾದದ್ದು ಕೊಳವೆಗಳ ನಕ್ಷೆ, ನೋಡಬೇಕಾದದ್ದು ಡ್ರಮ್‌ಗೆ ಮೂರು ಸೆನ್ಸರ್‌ಗಳ ಹೆಸರಿನಲ್ಲಿ ಎಷ್ಟು ಪ್ರತ್ಯೇಕ ಜೋಡಣೆಗಳಿವೆ ಎಂಬುದನ್ನು.