ಕೀ ಉತ್ತರ ತಪ್ಪಿದ್ದಾಗ ಕೋರ್ಟ್ ಏನು ಮಾಡುತ್ತದೆ?

ಎರಡು ಅಂಕಕ್ಕೆ ಫೇಲಾದ ಹುಡುಗಿ ಹೈಕೋರ್ಟ್‌ಗೆ ಹೋದರೆ, ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಇದು ತಜ್ಞರ ವಿಷಯ, ನಾವು ಕೈ ಹಾಕುವುದಿಲ್ಲ.

ಈ ಮಾತಿನ ಬೇರು ನಮ್ಮಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷ್ ರೀಡರ್ ಹುದ್ದೆಗೆ ಮಾಡಿದ್ದ ಒಂದು ನೇಮಕವನ್ನು ಹೈಕೋರ್ಟ್ ರದ್ದು ಮಾಡಿತ್ತು. 1963ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ತಜ್ಞರ ಆಯ್ಕೆಯಲ್ಲಿ ಕೋರ್ಟ್ ಆತುರಪಡಬಾರದು ಎಂದಿತು. ನೇಮಕಕ್ಕೆ ಹೇಳಿದ ಈ ಮಾತು ಬರಬರುತ್ತಾ ಪರೀಕ್ಷೆಗೂ ಬಂತು. 1984ರ ಮಹಾರಾಷ್ಟ್ರ ಬೋರ್ಡ್ ಪ್ರಕರಣದಲ್ಲಿ, ನಿಯಮದಲ್ಲಿ ಇಲ್ಲದಿದ್ದರೆ ಮರುಮೌಲ್ಯಮಾಪನ ಯಾರ ಹಕ್ಕೂ ಅಲ್ಲ ಎಂದಾಯಿತು. ಸಾವಿರಾರು ಮಂದಿ ಪೇಪರ್ ಬಿಚ್ಚಿಸಿದರೆ ಫಲಿತಾಂಶ ಮುಗಿಯುವುದೇ ಇಲ್ಲ ಎಂಬ ಭಯ ಸುಳ್ಳಲ್ಲ.

ಆದರೆ ಅದಕ್ಕೆ ಒಂದು ವರ್ಷ ಮೊದಲೇ ಒಂದು ಬಾಗಿಲು ತೆರೆದಿತ್ತು. ಕಾನ್ಪುರ ವಿಶ್ವವಿದ್ಯಾಲಯ ನಡೆಸಿದ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಕೆಲವು ಕೀ ಉತ್ತರಗಳೇ ತಪ್ಪಿದ್ದವು. ವಿದ್ಯಾರ್ಥಿಗಳು ತಾವು ಓದಿದ ಪಠ್ಯಪುಸ್ತಕಗಳನ್ನೇ ಕೋರ್ಟಿನ ಮುಂದಿಟ್ಟರು. ಕೋರ್ಟ್ ಆಗ ಒಂದು ಅಳತೆ ಕೊಟ್ಟಿತು. ಕೀ ಉತ್ತರ ಸರಿ ಎಂದೇ ಮೊದಲು ನಂಬಬೇಕು. ವಿಷಯ ಬಲ್ಲ ಯಾರೂ ಒಪ್ಪಲಾರದಷ್ಟು ಅದು ತಪ್ಪಿದ್ದರೆ ಮಾತ್ರ ಬದಲಿಸಬೇಕು. ಎಳೆದಾಡಿ ವಾದ ಮಾಡಿ ತಪ್ಪು ತೋರಿಸಿದರೆ ಸಾಲದು. ಪುಸ್ತಕ ಹೇಳಿದ್ದನ್ನು ಬರೆದ ಮಕ್ಕಳಿಗೆ ಶಿಕ್ಷೆ ಆಗಬಾರದು, ಅಲ್ವಾ? ಅವರೇ ಗೆದ್ದರು.

2024ರ ನೀಟ್‌ನಲ್ಲಿ ಇದೇ ಕಥೆ ತಿರುವು ಪಡೆಯಿತು. ಪರಮಾಣುಗಳ ಬಗ್ಗೆ ಒಂದು ಪ್ರಶ್ನೆ. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು. ಪರೀಕ್ಷಾ ಸಂಸ್ಥೆ ಎರಡಕ್ಕೂ ಅಂಕ ಕೊಟ್ಟಿತ್ತು. ನ್ಯಾಯಮೂರ್ತಿಗಳು ತಾವೇ ಉತ್ತರ ಹುಡುಕಲಿಲ್ಲ. ದೆಹಲಿ ಐಐಟಿಯ ಮೂವರು ತಜ್ಞರನ್ನು ಕೇಳಿದರು. ಒಂದೇ ಉತ್ತರ ಸರಿ ಎಂದು ಮರುದಿನವೇ ವರದಿ ಬಂತು. ಹಳೆಯ ಪುಸ್ತಕ ನಂಬಿದ್ದ 4 ಲಕ್ಷಕ್ಕೂ ಜಾಸ್ತಿ ವಿದ್ಯಾರ್ಥಿಗಳು ತಲಾ 5 ಅಂಕ ಕಳೆದುಕೊಂಡರು. ಪ್ರಶ್ನೆ ಒಂದು, ಪುಸ್ತಕ ಎರಡು, ನಷ್ಟ ಮಾತ್ರ ಮಕ್ಕಳಿಗೆ. ಕಾನ್ಪುರದ ಮಕ್ಕಳಿಗೆ ಸಿಕ್ಕ ರಕ್ಷಣೆ ಇವರಿಗೆ ಸಿಗಲಿಲ್ಲ.

ನಡುವೆ 2011ರಲ್ಲಿ, ಮಾಹಿತಿ ಹಕ್ಕಿನಡಿ ನಮ್ಮ ಉತ್ತರ ಪತ್ರಿಕೆಯನ್ನು ನಾವೇ ನೋಡಬಹುದು ಎಂದಾಯಿತು. 2017ರಲ್ಲಿ, ಅನುಮಾನ ಇದ್ದರೆ ಅದರ ಲಾಭ ವಿದ್ಯಾರ್ಥಿಗಲ್ಲ, ಪರೀಕ್ಷಾ ಸಂಸ್ಥೆಗೇ ಹೋಗಬೇಕು ಎಂದಾಯಿತು. ಅಂದರೆ ತಪ್ಪು ಕಣ್ಣಿಗೆ ಕಾಣುತ್ತದೆ, ಸರಿಪಡಿಸುವ ದಾರಿ ಕಿರಿದಾಗಿಯೇ ಉಳಿದಿದೆ.

ಹಾಗಾಗಿ ಕೋರ್ಟ್‌ನಲ್ಲಿ ಕೆಲಸಕ್ಕೆ ಬರುವುದು ಕಣ್ಣಿಗೆ ನೇರವಾಗಿ ಕಾಣುವ ದೋಷ. ಒಂದು ಉತ್ತರಕ್ಕೆ ಅಂಕವೇ ಹಾಕಿಲ್ಲ, ಕೂಡಿದ್ದು ತಪ್ಪಿದೆ, ವಿಶ್ವವಿದ್ಯಾಲಯ ತನ್ನದೇ ನಿಯಮ ಮುರಿದಿದೆ, ಇಂಥವು. "ಈ ಪ್ರಬಂಧಕ್ಕೆ ಆರು ಅಂಕ ಕಡಿಮೆಯಾಯಿತು" ಎಂಬ ವಾದ ನಿಲ್ಲುವುದು ಕಷ್ಟ. ಮರುಮೌಲ್ಯಮಾಪನಕ್ಕೆ ನಿಯಮ ಇದ್ದೂ ಗಡುವಿನೊಳಗೆ ಅರ್ಜಿ ಹಾಕದೆ ಸೀದಾ ಕೋರ್ಟ್‌ಗೆ ಹೋದರೆ, ಅಲ್ಲಿ ಮೊದಲು ಕೇಳುವುದು ಅದನ್ನೇ.