ಪದ ಪರಿಚಯ: ಕೈಯಲ್ಲಿ ಉಳಿಯುವ ಸಂಬಳ

ಅಕ್ಕನ ಮಗನಿಗೆ ಒಂದೇ ವಾರದಲ್ಲಿ ಎರಡು ಆಫರ್ ಬಂದವು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ವರ್ಷಕ್ಕೆ 9 ಲಕ್ಷ, ಮೈಸೂರಿನಲ್ಲಿ 6.6 ಲಕ್ಷ. "ಮಾವ, ತಿಂಗಳಿಗೆ 20 ಸಾವಿರ ಜಾಸ್ತಿ. ಇನ್ನೇನು ಯೋಚನೆ ಮಾಡೋದು?" ಅಂದ. ನೋಟ್‌ಬುಕ್ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಅವನು ಹೇಳಿದ್ದು ಸಿಟಿಸಿ, ಅಂದರೆ ಕಾಸ್ಟ್ ಟು ಕಂಪನಿ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು ಅದು. ಪಿಎಫ್, ಗ್ರಾಚ್ಯುಟಿ ಎಲ್ಲ ಕಳೆದು ಬ್ಯಾಂಕಿಗೆ ಬೀಳುವುದು ಟೇಕ್ ಹೋಮ್. ಆ ಊರಿನಲ್ಲಿ ಬದುಕುವ ಖರ್ಚನ್ನೂ ಅದರಿಂದ ಕಳೆದರೆ ಸಿಗುವುದೇ ಕೈಯಲ್ಲಿ ಉಳಿಯುವ ಸಂಬಳ. ಎರಡು ಊರುಗಳ ಕೆಲಸವನ್ನು ಹೋಲಿಸಬೇಕಾದದ್ದು ಈ ಮೂರನೆಯದರಲ್ಲಿ.

ಬೆಂಗಳೂರಿನ ಆಫರ್ ಲೆಟರ್ ಬಿಡಿಸಿ ನೋಡಿದೆವು. 9 ಲಕ್ಷದಲ್ಲಿ 90 ಸಾವಿರ ವೇರಿಯಬಲ್ ಪೇ, ಅದು ವರ್ಷದ ಕೊನೆಗೆ ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ಪಾಲು, ಬೇಗ ಕೆಲಸ ಬಿಟ್ಟರೆ ಸಿಗದ ಗ್ರಾಚ್ಯುಟಿ ಕೂಡ ಅದರೊಳಗೇ ಇದ್ದವು. ಅವನ ಪಾಲಿನ ಪಿಎಫ್, 200 ರೂಪಾಯಿ ವೃತ್ತಿ ತೆರಿಗೆ ಕಳೆದ ಮೇಲೆ ಕೈಗೆ ಬರುವುದು 58,600. ಮೈಸೂರಿನದರಲ್ಲಿ ವೇರಿಯಬಲ್ ಇಲ್ಲ, ಕೈಗೆ 48,400. ಹೊಸ ಪದ್ಧತಿಯಲ್ಲಿ ಎರಡಕ್ಕೂ ಆದಾಯ ತೆರಿಗೆ ಇಲ್ಲ. ಮನೆ ಹುಡುಕುವ ಮೊದಲೇ 20 ಸಾವಿರದ ಅಂತರ 10 ಸಾವಿರಕ್ಕೆ ಇಳಿಯಿತು.

ಆಮೇಲೆ ಬಾಡಿಗೆ. ಇಲ್ಲಿ ಬಹಳ ಜನ ತಪ್ಪುವುದು ಬಾಡಿಗೆಯನ್ನೂ ಓಡಾಟವನ್ನೂ ಬೇರೆ ಬೇರೆ ಲೆಕ್ಕ ಹಾಕುವುದರಲ್ಲಿ. ಅವೆರಡೂ ಒಂದೇ ಲೆಕ್ಕ. ಅವನು ಕೆಂಗೇರಿಯಲ್ಲಿ 15 ಸಾವಿರಕ್ಕೆ ಮನೆ ನೋಡಿದ್ದ. ನೇರಳೆ ಮಾರ್ಗದ ಮೆಟ್ರೋ ಸೀದಾ ವೈಟ್‌ಫೀಲ್ಡಿಗೆ ಹೋಗುತ್ತದಲ್ಲ ಅಂತ. ಹೋಗುತ್ತದೆ, ಆದರೆ ಊರಿನ ಆ ತುದಿಯಿಂದ ಈ ತುದಿಗೆ. ಮೆಟ್ರೋ, ಆಟೋ ಸೇರಿ ತಿಂಗಳಿಗೆ 5 ಸಾವಿರ, ಮನೆಯಿಂದ ಆಫೀಸಿಗೆ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ. ಆಫೀಸಿನ ಹತ್ತಿರವೇ ಇದ್ದರೆ ಮೇಂಟೆನೆನ್ಸ್, ನೀರು ಸೇರಿ ಬಾಡಿಗೆ 23 ಸಾವಿರ, ಓಡಾಟಕ್ಕೆ ಒಂದು ಸಾವಿರ, ಅರ್ಧ ಗಂಟೆ. ಅಂದರೆ ಕೆಂಗೇರಿಯಲ್ಲಿದ್ದರೆ 4 ಸಾವಿರ ಉಳಿತಾಯ, ಅದಕ್ಕೆ ತಿಂಗಳಿಗೆ 66 ಗಂಟೆ ತೆರಬೇಕು. ಗಂಟೆಗೆ ಸುಮಾರು 60 ರೂಪಾಯಿ! ಹತ್ತಿರದ ಮನೆಯೇ ಸರಿ ಅಂದುಕೊಂಡೆವು.

ಬಾಡಿಗೆ, ಓಡಾಟಕ್ಕೆ ಬೆಂಗಳೂರಿನಲ್ಲಿ 24 ಸಾವಿರ, ಊಟ-ತಿಂಡಿ ಇತ್ಯಾದಿಗೆ 12 ಸಾವಿರ. ಉಳಿಯುವುದು 22,600. ಮೈಸೂರಿನಲ್ಲಿ ಬಾಡಿಗೆ, ಸ್ಕೂಟರ್ ಪೆಟ್ರೋಲ್ ಸೇರಿ 12,500, ಉಳಿದದ್ದಕ್ಕೆ 10 ಸಾವಿರ. ಉಳಿಯುವುದು 25,900. ಕಡಿಮೆ ಸಂಬಳದ ಕೆಲಸದಲ್ಲೇ 3,300 ಜಾಸ್ತಿ.

ಅವನ ಓದಿನ ಸಾಲದ ಕಂತು 8 ಸಾವಿರ. ಅದನ್ನು ಈ ಹೋಲಿಕೆಗೆ ಬೇಕಂತಲೇ ತರಲಿಲ್ಲ. ಕಂತು ಮೈಸೂರಿಗೆ ಹೋದರೂ 8 ಸಾವಿರವೇ. ಊರಿಗೆ ಕಳಿಸುವ ದುಡ್ಡು, ಫೋನ್ ಬಿಲ್ಲು, ಆನ್‌ಲೈನಿನಲ್ಲಿ ಕೊಳ್ಳುವ ಸಾಮಾನು ಕೂಡ ಹಾಗೇ. "ಈ ಊರು ಆ ಊರಿಗಿಂತ ಇಷ್ಟು ಶೇಕಡಾ ಅಗ್ಗ" ಅಂತ ಇಡೀ ಸಂಬಳವನ್ನು ಗುಣಿಸಿ ತೋರಿಸುವ ಲೆಕ್ಕವನ್ನು ನಾನು ನಂಬದಿರುವುದು ಇದಕ್ಕೇ. ಊರು ಬದಲಾದರೆ ಬದಲಾಗುವ ಖರ್ಚು ಮಾತ್ರ ಲೆಕ್ಕಕ್ಕೆ ಬರಬೇಕು. ಕಂತು, ಮನೆಗೆ ಕಳಿಸುವ ದುಡ್ಡು ಜಾಸ್ತಿ ಇರುವವರಿಗೆ ಅಗ್ಗದ ಊರಿನಿಂದ ಆಗುವ ಲಾಭ ಆ ಶೇಕಡಾ ಹೇಳುವಷ್ಟು ಇರುವುದಿಲ್ಲ.

ಬೆಂಗಳೂರಿಗೂ ನ್ಯಾಯ ಸಲ್ಲಬೇಕಲ್ವಾ? ಅಲ್ಲಿ ಪಿಎಫ್ ತಿಂಗಳಿಗೆ 1,900 ಜಾಸ್ತಿ ಸೇರುತ್ತದೆ. ಈಗ ಕೈಗೆ ಸಿಗದಿದ್ದರೂ ಅದು ಅವನದೇ ದುಡ್ಡು. ಅದನ್ನು ಕೂಡಿಸಿದರೆ ಮೈಸೂರಿನ ಮುನ್ನಡೆ 1,400ಕ್ಕೆ ಇಳಿಯಿತು. ಆದರೆ ಬೆಂಗಳೂರಿನ ಮನೆಗೆ ಅಡ್ವಾನ್ಸ್ ಒಂದೂವರೆ ಲಕ್ಷ, ಮೈಸೂರಿನಲ್ಲಿ 50 ಸಾವಿರ. ಹೆಚ್ಚಿನ ಒಂದು ಲಕ್ಷ ಬ್ಯಾಂಕಿನಲ್ಲಿದ್ದಿದ್ದರೆ ತಿಂಗಳಿಗೆ 500 ರೂಪಾಯಿ ಬಡ್ಡಿ ಬರುತ್ತಿತ್ತು. ಮುನ್ನಡೆ ಮತ್ತೆ 1,900. ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೆ, ಹನ್ನೊಂದೇ ತಿಂಗಳಿಗೆ ಮನೆ ಬದಲಿಸುವವನಿಗೆ ಅದೂ ದೊಡ್ಡ ಪೆಟ್ಟು.

ಈಗ ಎಲ್ಲವೂ ಆ 90 ಸಾವಿರದ ವೇರಿಯಬಲ್ ಮೇಲೆ ನಿಂತಿತು. ಪೂರ್ತಿ ಬಂದರೆ ತಿಂಗಳಿಗೆ 7,500, ಬರದಿದ್ದರೆ ಸೊನ್ನೆ. "ಹೋದ ಎರಡು ವರ್ಷ ನಿನ್ನ ಹುದ್ದೆಯವರಿಗೆ ಎಷ್ಟು ಶೇಕಡಾ ಕೊಟ್ಟಿದ್ದಾರೆ ಅಂತ ಎಚ್‌ಆರ್‌ಗೆ ಫೋನ್ ಮಾಡಿ ಕೇಳು" ಅಂದೆ. ಅವನಿಗೆ ಸಂಕೋಚ. ಕೊನೆಗೆ ಕೇಳಿದ. ಎರಡೂ ವರ್ಷ 60 ಶೇಕಡಾ ಅಂತ ಉತ್ತರ ಬಂತು, ಅಂದರೆ ತಿಂಗಳಿಗೆ 4,500.

ಹಾಗಾಗಿ ಬೆಂಗಳೂರೇ 2,600 ರೂಪಾಯಿ ಮುಂದೆ. ಅಲ್ಲಿನ ಕೆಲಸವೂ ಅವನಿಗೆ ಇಷ್ಟವಾಗಿತ್ತು, ಒಪ್ಪಿಕೊಂಡ. ಈಗ ಆಫೀಸಿನಿಂದ ಹದಿನೈದು ನಿಮಿಷ ದೂರದಲ್ಲಿ ಮನೆ ಹುಡುಕುತ್ತಿದ್ದಾನೆ, ಪೇಂಟಿಂಗ್ ದುಡ್ಡು ಎಷ್ಟು ಹಿಡಿಯುತ್ತೀರಿ ಅಂತ ಮೊದಲೇ ಕೇಳಿಕೊಂಡು.