ಪದ ಪರಿಚಯ: ಬಿಡಿಸ್ಥಾನದ ಚಕ್ರ

ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಉತ್ತರ ಬೆಳೆಯುತ್ತಲೇ ಇರುತ್ತದೆ. ಅದರ ಕೊನೆಯ ಅಂಕಿ ಮಾತ್ರ ಸ್ವಲ್ಪ ದೂರ ಹೋಗಿ ಶುರುವಾದಲ್ಲಿಗೇ ಮರಳುತ್ತದೆ. 2, 4, 8, 16, 32, 64 ಎಂದು ಬರೆದು ನೋಡಿ: ಬಿಡಿಸ್ಥಾನದಲ್ಲಿ 2, 4, 8, 6 ಬಂದು ಮತ್ತೆ 2, 4 ಶುರುವಾಯಿತು. ಹೀಗೆ ತಿರುಗುವ ಅಂಕಿಗಳ ಸಾಲಿಗೆ ಬಿಡಿಸ್ಥಾನದ ಚಕ್ರ ಎನ್ನುತ್ತಾರೆ. ಕೋಚಿಂಗ್ ತರಗತಿಗಳಲ್ಲಿ ಇದೇ ‘ಯೂನಿಟ್ ಡಿಜಿಟ್ ಸೈಕಲ್’. ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳ ಸಂಖ್ಯಾ ಪದ್ಧತಿಯ ಪ್ರಶ್ನೆಗಳಲ್ಲಿ ಶೇಷ ಅಥವಾ ಭಾಜ್ಯತೆ ಕೇಳಿದಾಗ, ಪೂರ್ತಿ ಲೆಕ್ಕ ಮಾಡದೆ ಆಯ್ಕೆಗಳನ್ನು ಹೊಡೆದುಹಾಕಲು ಇದು ನೆರವಾಗುತ್ತದೆ.

ಚಕ್ರ ಹುಟ್ಟುವ ಕಾರಣ ಸರಳ. ಗುಣಲಬ್ಧದ ಕೊನೆಯ ಅಂಕಿಯನ್ನು ತೀರ್ಮಾನಿಸುವುದು ಗುಣಿಸುವ ಎರಡು ಸಂಖ್ಯೆಗಳ ಕೊನೆಯ ಅಂಕಿಗಳು ಮಾತ್ರ. ಆದ್ದರಿಂದ 347ರ ಘಾತ ಕೇಳಿದರೂ ನಮಗೆ ಬೇಕಾದದ್ದು 7 ಒಂದೇ. ಇರುವುದೇ ಹತ್ತು ಅಂಕಿ, ಹಾಗಾಗಿ ಎಲ್ಲೋ ಒಂದು ಕಡೆ ಬಂದದ್ದೇ ಮತ್ತೆ ಬರಬೇಕು.

0, 1, 5, 6 ಈ ನಾಲ್ಕಕ್ಕೆ ಚಕ್ರವೇ ಬೇಡ, ಯಾವ ಘಾತಕ್ಕೂ ಅವೇ ಉಳಿಯುತ್ತವೆ. 4ಕ್ಕೆ 4, 6 ಮತ್ತು 9ಕ್ಕೆ 9, 1 ಎಂಬ ಎರಡರ ಚಕ್ರ. ಉಳಿದವು ನಾಲ್ಕರವು:

2 → 2, 4, 8, 6
3 → 3, 9, 7, 1
7 → 7, 9, 3, 1
8 → 8, 4, 2, 6

ಘಾತಾಂಕವನ್ನು 4ರಿಂದ ಭಾಗಿಸಿ. ಶೇಷ 1 ಬಂದರೆ ಸಾಲಿನ ಮೊದಲನೆಯ ಅಂಕಿ, 2 ಬಂದರೆ ಎರಡನೆಯದು, 3 ಬಂದರೆ ಮೂರನೆಯದು. ಘಾತಾಂಕ ಎಷ್ಟೇ ಉದ್ದವಿದ್ದರೂ ಅದರ ಕೊನೆಯ ಎರಡು ಅಂಕಿ ನೋಡಿದರೆ ಸಾಕು, ಏಕೆಂದರೆ 100 ಎಂಬುದು 4ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಘಾತಾಂಕ 1234 ಆದರೆ 34ನ್ನು 4ರಿಂದ ಭಾಗಿಸಿ ಶೇಷ 2 ಎನ್ನಬಹುದು.

ಎಡವುವುದು ಶೇಷ 0 ಬಂದಾಗ. ಆಗ ತೆಗೆದುಕೊಳ್ಳಬೇಕಾದದ್ದು ಸಾಲಿನ ನಾಲ್ಕನೆಯ ಅಂಕಿ. ‘ಯಾವುದರ ಸೊನ್ನೆ ಘಾತವೂ 1’ ಎಂಬ ನಿಯಮ ನೆನಪಾಗಿ ಹಲವರು 1 ಎಂದು ಬರೆದುಬಿಡುತ್ತಾರೆ. ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ: 3 ಮತ್ತು 7ರ ಸಾಲಿನಲ್ಲಿ ನಾಲ್ಕನೆಯ ಅಂಕಿ ಹೇಗೂ 1 ಆಗಿರುವುದರಿಂದ ತಪ್ಪು ದಾರಿಯಲ್ಲೂ ಸರಿ ಉತ್ತರವೇ ಬರುತ್ತದೆ. ಅಭ್ಯಾಸವೆಲ್ಲ 3, 7ರ ಮೇಲೆ ನಡೆದು ಪರೀಕ್ಷೆಯಲ್ಲಿ 2⁴⁰ ಬಂದರೆ ಅಂಕ ಹೋಯಿತು. 2⁴⁰ರ ಕೊನೆಯಲ್ಲಿ 6 ಇರುತ್ತದೆ. 2ನ್ನು ಎಷ್ಟು ಸಲ ಗುಣಿಸಿದರೂ ಸಮಸಂಖ್ಯೆಯೇ ಬರಬೇಕು, ಅದು 1ರಲ್ಲಿ ಮುಗಿಯುವುದಾದರೂ ಹೇಗೆ? ಸಮಸಂಖ್ಯೆಯ ಘಾತಕ್ಕೆ ಬೆಸ ಉತ್ತರ ಬಂದರೆ ಅಲ್ಲೇ ನಿಂತು ತಿದ್ದಿಕೊಳ್ಳಿ.

ಈಗ ಒಂದು ಲೆಕ್ಕ. 7⁹⁵ − 3⁵⁸ ಇದನ್ನು 5ರಿಂದ ಭಾಗಿಸಿದರೆ ಶೇಷವೆಷ್ಟು? ಆಯ್ಕೆಗಳು 1, 2, 3, 4. ಮೊದಲು 95ನ್ನು 4ರಿಂದ ಭಾಗಿಸಿದರೆ ಶೇಷ 3, 7ರ ಸಾಲಿನ ಮೂರನೆಯ ಅಂಕಿ 3. ಆಮೇಲೆ 58ನ್ನು ಭಾಗಿಸಿದರೆ ಶೇಷ 2, 3ರ ಸಾಲಿನ ಎರಡನೆಯ ಅಂಕಿ 9. ಇನ್ನು 3ರಲ್ಲಿ 9 ಕಳೆಯಬೇಕು. ಮೊದಲ ಸಂಖ್ಯೆಯೇ ದೊಡ್ಡದು, ಆದ್ದರಿಂದ ಮಾಮೂಲಿ ವ್ಯವಕಲನದಂತೆ ಹತ್ತರ ಸ್ಥಾನದಿಂದ ಸಾಲ ತಂದು 13 ಮಾಡಿಕೊಂಡು 9 ಕಳೆದರೆ 4. ಕೊನೆಯಲ್ಲಿ 4 ಇರುವ ಸಂಖ್ಯೆಯನ್ನು 5ರಿಂದ ಭಾಗಿಸಿದರೆ ಶೇಷ 4. ಅವಸರದಲ್ಲಿ 9ರಿಂದ 3 ಕಳೆದು 6 ಎಂದುಕೊಂಡವರಿಗೆ ಶೇಷ 1 ಸಿಗುತ್ತದೆ, ಆಯ್ಕೆಗಳಲ್ಲಿ ಅದೂ ಕಾದು ಕುಳಿತಿದೆ.

ಇಲ್ಲಿ ಕೊನೆಯ ಅಂಕಿಯಿಂದ ನೇರವಾಗಿ ಶೇಷಕ್ಕೆ ಹೋದದ್ದು ಭಾಜಕ 5 ಆಗಿದ್ದರಿಂದ. ಯಾವುದೇ ಸಂಖ್ಯೆಯಲ್ಲಿ ಬಿಡಿಸ್ಥಾನವನ್ನು ತೆಗೆದಿಟ್ಟರೆ ಉಳಿಯುವುದು ಹತ್ತರ ಗುಣಕ. ಹತ್ತು 2, 5 ಮತ್ತು 10ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಾಗಿ ಈ ಭಾಜಕಗಳಿಗೆ ಶೇಷ ಉಳಿಸುವುದು ಬಿಡಿಸ್ಥಾನ ಮಾತ್ರ. ಬೇರೆ ಭಾಜಕಕ್ಕೆ ಈ ಮಾತು ನಿಲ್ಲದು. 13 ಮತ್ತು 23 ಎರಡೂ 3ರಲ್ಲೇ ಮುಗಿಯುತ್ತವೆ. 5ರಿಂದ ಭಾಗಿಸಿದರೆ ಎರಡಕ್ಕೂ ಶೇಷ 3. ಆದರೆ 7ರಿಂದ ಭಾಗಿಸಿದರೆ ಒಂದಕ್ಕೆ 6, ಇನ್ನೊಂದಕ್ಕೆ 2. 4ರಿಂದ ಭಾಗಿಸಿದರೂ 1 ಮತ್ತು 3 ಎಂದು ಬೇರೆಬೇರೆ. ಕೊನೆಯ ಅಂಕಿಯನ್ನೇ 7ರಿಂದ ಭಾಗಿಸಿ ಶೇಷ ಹೇಳುವುದು ಈ ವಿಧಾನದ ಅತಿ ದೊಡ್ಡ ದುರ್ಬಳಕೆ.

ಆದರೂ ಭಾಜಕ 7 ಎಂಬುದು ಆಯ್ಕೆಗಳಲ್ಲಿ ಇದ್ದಾಗ ಚಕ್ರ ಪೂರ್ತಿ ನಿರುಪಯೋಗಿಯಲ್ಲ. 2⁵⁰ + 2⁵¹ + 2⁵² ಇದು ಯಾವುದರಿಂದ ಭಾಗವಾಗುತ್ತದೆ ಎಂದು ಕೇಳಿ 5, 7, 10, 15 ಎಂಬ ಆಯ್ಕೆ ಕೊಟ್ಟಿದ್ದಾರೆ ಎನ್ನಿ. ಕೊನೆಯ ಅಂಕಿಗಳು ಕ್ರಮವಾಗಿ 4, 8, 6. ಕೂಡಿದರೆ 18, ಅಂದರೆ ಮೊತ್ತದ ಬಿಡಿಸ್ಥಾನ 8. ಕೊನೆಯಲ್ಲಿ 0 ಅಥವಾ 5 ಇಲ್ಲದ್ದು 5ರಿಂದ ಭಾಗವಾಗದು. 5ರಿಂದಲೇ ಆಗದ ಮೇಲೆ 10 ಮತ್ತು 15ರಿಂದಲೂ ಆಗದು. ಮೂರು ಆಯ್ಕೆ ಒಟ್ಟಿಗೆ ಹೋದವು, ಉಳಿದದ್ದು 7. ಗಮನಿಸಿ, 7ರಿಂದ ಭಾಗವಾಗುತ್ತದೆ ಎಂದು ಚಕ್ರ ಸಾಧಿಸಲಿಲ್ಲ, ಉಳಿದವನ್ನು ಕಳೆಯಿತು ಅಷ್ಟೆ. ಆಯ್ಕೆಗಳು 5, 7, 9, 10 ಆಗಿದ್ದರೆ 7 ಮತ್ತು 9ರ ನಡುವೆ ಅದು ಮೌನವಾಗಿಬಿಡುತ್ತಿತ್ತು. ಆಗ 2⁵⁰ನ್ನು ಸಾಮಾನ್ಯವಾಗಿ ಹೊರತೆಗೆಯಬೇಕು: 2⁵⁰ × (1 + 2 + 4) = 2⁵⁰ × 7.

ಘಾತವೇ ಇಲ್ಲದ ಪ್ರಶ್ನೆಯಲ್ಲೂ ಕೊನೆಯ ಅಂಕಿ ಕೆಲಸಕ್ಕೆ ಬರುತ್ತದೆ. ಭಾಜಕ 47, ಭಾಗಲಬ್ಧ 386, ಶೇಷ 29 ಆದರೆ ಭಾಜ್ಯ ಎಷ್ಟು? 7 × 6 ಎಂದರೆ 42, ಅದರ 2ಕ್ಕೆ 29ರ 9 ಕೂಡಿದರೆ 11. ಹಾಗಾಗಿ ಉತ್ತರ 1ರಲ್ಲಿ ಮುಗಿಯಬೇಕು. ಆಯ್ಕೆಗಳಲ್ಲಿ 18161 ಮತ್ತು 18171 ಎರಡೂ ಇದ್ದರೆ ಅಂಕಿಗಳ ಮೊತ್ತ ಹಿಡಿಯಿರಿ. 47ರದ್ದು 11, ಅಂದರೆ 2. 386ರದ್ದು 17, ಅಂದರೆ 8. ಎರಡರ ಗುಣಲಬ್ಧ 16, ಅಂದರೆ 7. ಇದಕ್ಕೆ 29ರ 2 ಸೇರಿಸಿದರೆ 9. 18171ರ ಅಂಕಿಗಳ ಮೊತ್ತ 18, ಅಂದರೆ 9. 18161ರದ್ದು 17, ಅಂದರೆ 8, ಅದು ಹೋಯಿತು.

3⁴⁷ನ್ನು 7ರಿಂದ ಭಾಗಿಸಿದರೆ ಶೇಷವೆಷ್ಟು ಎಂಬಂಥ ಪ್ರಶ್ನೆಗೆ ಬಿಡಿಸ್ಥಾನವನ್ನು ಬಿಟ್ಟು ಶೇಷಗಳದ್ದೇ ಚಕ್ರ ಬರೆಯಬೇಕು. ಪ್ರತಿ ಸಲ ಹಿಂದಿನ ಶೇಷವನ್ನು 3ರಿಂದ ಗುಣಿಸಿ 7ರಿಂದ ಭಾಗಿಸುತ್ತಾ ಹೋಗಿ: 3, 2, 6, 4, 5, 1. ಇದು ಆರರ ಚಕ್ರ. 47ನ್ನು 6ರಿಂದ ಭಾಗಿಸಿದರೆ ಶೇಷ 5, ಐದನೆಯದು 5, ಅದೇ ಉತ್ತರ. ರೂಢಿಯ ಮೇಲೆ 4ರಿಂದಲೇ ಭಾಗಿಸಿದರೆ ಮೂರನೆಯದಾದ 6 ಸಿಕ್ಕಿ ತಪ್ಪುತ್ತೇವೆ. ಭಾಜಕ ಬದಲಾದರೆ ಚಕ್ರದ ಉದ್ದವೂ ಬದಲಾಗುತ್ತದೆ. ಇದೇ 7ಕ್ಕೆ 2ರ ಘಾತಗಳಾದರೆ 2, 4, 1 ಎಂದು ಮೂರೇ ಹೆಜ್ಜೆಗೆ ಸುತ್ತು ಮುಗಿಯುತ್ತದೆ.